‘ನಿಯಮಾನುಸಾರ’ ಎಂಬ ಮುಸುಕು



ನಿವೃತ್ತನಾದ ಮೇಲೆ ನನಗೆ ಆಗೊಮ್ಮೆ ಈಗೊಮ್ಮೆ ವಿಚಾರಸಂಕಿರಣಗಳಿಗೆ ಆಹ್ವಾನ ಬರುವುದುಂಟು. ಹಿಂದೆ ಅಂಚೆಯಲ್ಲಿ ಬರುತ್ತಿದ್ದ ಪತ್ರ ಈಗ ಇ-ಮೇಲಿನಲ್ಲಿ ಬರುತ್ತದೆ, ಅಷ್ಟೇ ವ್ಯತ್ಯಾಸ. ಕಳೆದ ಬಾರಿ ಬಂದದ್ದನ್ನು ತೆರೆದು ಮತ್ತೊಮ್ಮೆ ಓದಿದೆ. ಮೊದಲ ಆರು ಸಾಲುಗಳಲ್ಲಿ ನನ್ನನ್ನು ‘ನಾಡಿನ ಹಿರಿಯ ಚಿಂತಕರು’ ಎಂದು ಕರೆಯಲಾಗಿದೆ. ನನ್ನ ಆಗಮನ ಅವರ ಸಂಸ್ಥೆಯ ಸೌಭಾಗ್ಯ ಎನ್ನಲಾಗಿದೆ. ಏಳನೆಯ ಸಾಲಿನಲ್ಲಿ ದಿನಾಂಕವಿದೆ. ಎಂಟನೆಯ ಸಾಲು ಹೀಗಿದೆ: ‘ತಮ್ಮ ಪ್ರಯಾಣ ವೆಚ್ಚವನ್ನು ನಿಯಮಾನುಸಾರ ಭರಿಸಲಾಗುವುದು.’ ಅಲ್ಲಿಗೆ ಪತ್ರ ಮುಗಿಯಿತು.

ಯಾವ ನಿಯಮ? ಯಾರು ಮಾಡಿದ ನಿಯಮ? ಅದು ಎಲ್ಲಿ ಬರೆದಿದೆ? ಮೂವತ್ತು ವರ್ಷಗಳ ಕಾಲ ಮಕ್ಕಳ ಪ್ರಬಂಧಗಳಲ್ಲಿ ಅರ್ಥವಿಲ್ಲದ ಪದಗಳಿಗೆ ಕೆಂಪು ಗೆರೆ ಎಳೆದ ನನಗೆ ಈ ಪದದ ಕೆಳಗೂ ಗೆರೆ ಎಳೆಯಬೇಕೆನಿಸಿದೆ. ನಿಮ್ಮಲ್ಲಿ ಅನೇಕರು ಇಂದು ಕಾಲೇಜುಗಳಲ್ಲಿ, ಸಂಘಸಂಸ್ಥೆಗಳಲ್ಲಿ ಇಂಥ ಪತ್ರ ಬರೆಯುವ ಸ್ಥಾನದಲ್ಲಿದ್ದೀರಿ. ಆದ್ದರಿಂದ ನಿಮ್ಮ ಹಳೆಯ ಮೇಷ್ಟರ ಈ ಜಗಳವನ್ನು ಸ್ವಲ್ಪ ಸಾವಧಾನದಿಂದ ಓದಿರಿ.

ಮೊದಲು ನನ್ನದೇ ಲೆಕ್ಕ ಹೇಳುತ್ತೇನೆ. ಆ ಊರಿಗೆ ಹೋಗಲು ಸ್ಲೀಪರ್ ದರ್ಜೆಯ ರೈಲಿಗೆ 385 ರೂಪಾಯಿ, ರೈಲು ನಿಲ್ದಾಣದಿಂದ ಆ ಊರಿನವರೆಗೆ ಬಸ್ಸಿಗೆ 62 ರೂಪಾಯಿ, ಅಲ್ಲಿಂದ ಕಾಲೇಜಿಗೆ ಆಟೋಗೆ 150 ರೂಪಾಯಿ. ಹಿಂದಿರುಗುವಾಗಲೂ ಅಷ್ಟೇ. ಒಟ್ಟು 1,194 ರೂಪಾಯಿ. ಸಭೆ ಮುಗಿದ ದಿನ ಹಣದ ಮಾತನ್ನು ಯಾರೂ ಎತ್ತಲಿಲ್ಲ. ನಾನಾಗಿ ಎತ್ತಲು ನಾಲಗೆ ಬರಲಿಲ್ಲ. ಏಳು ವಾರಗಳಾದ ಮೇಲೆ ಒಂದು ನಮೂನೆ ಬಂದಿತು, ‘ಮೂಲ ಟಿಕೆಟುಗಳನ್ನು ಲಗತ್ತಿಸತಕ್ಕದ್ದು’ ಎಂಬ ಒಕ್ಕಣೆಯೊಂದಿಗೆ. ಪುಸ್ತಕದೊಳಗೆ ಜೋಪಾನವಾಗಿ ಇಟ್ಟಿದ್ದ ಬಸ್ ಟಿಕೆಟುಗಳನ್ನು ತೆಗೆದು ನೋಡಿದರೆ ಎರಡೂ ಬಿಳಿಯ ಚೀಟಿಗಳಾಗಿದ್ದವು! ಕಂಡಕ್ಟರರ ಯಂತ್ರದಿಂದ ಬರುವ ಟಿಕೆಟಿನಲ್ಲಿ ಶಾಯಿ ಇರುವುದಿಲ್ಲ. ಶಾಖಕ್ಕೆ ಕಪ್ಪಾಗುವ ಲೇಪವಿರುವ ಕಾಗದ ಅದು. ಬಿಸಿಲು, ಬೆವರು, ಪ್ಲಾಸ್ಟಿಕ್ ಕವರು ಯಾವುದು ತಾಗಿದರೂ ಅಕ್ಷರ ಮಾಸುತ್ತದೆ. ಅಂದೇ ಫೋಟೋ ತೆಗೆದಿಟ್ಟುಕೊಳ್ಳಿ ಎಂದು ಪತ್ರದಲ್ಲಿ ಒಂದು ಸಾಲು ಇದ್ದಿದ್ದರೆ ಸಾಕಿತ್ತು. ಆಟೋಗೆ ರಸೀದಿ ಇರಲಿಲ್ಲ. ರಸೀದಿ ಇಲ್ಲದಿದ್ದರೆ ಸ್ವಯಂದೃಢೀಕರಣ ಸಾಕೇ ಎಂಬುದಕ್ಕೆ ಉತ್ತರವಿರಲಿಲ್ಲ. ನಾಲ್ಕು ತಿಂಗಳ ನಂತರ ಖಾತೆಗೆ ಬಂದದ್ದು 770 ರೂಪಾಯಿ. ಉಳಿದ 424 ರೂಪಾಯಿ ‘ನಿಯಮಾನುಸಾರ’ ನನ್ನದೇ ಆಯಿತು.

ಪಿಂಚಣಿ ಬರುವ ನನಗೆ ಇದು ಸಹಿಸಬಹುದಾದ ನಷ್ಟ. ಆದರೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ಕಥೆ ಕೇಳಿ. ಅವಳು ಅತಿಥಿ ಉಪನ್ಯಾಸಕಿ. ಗೌರವಧನ ತಿಂಗಳು ತಿಂಗಳು ಕೈಗೆ ಬರುವುದೆಂಬ ಭರವಸೆ ಇಲ್ಲದವಳು. ಅವಳಿಗೆ ಆಹ್ವಾನ ಬಂದದ್ದು ಸಭೆಗೆ ಹನ್ನೊಂದು ದಿನ ಇರುವಾಗ. ರೈಲಿನಲ್ಲಿ ಮುಂಗಡ ಕಾಯ್ದಿರಿಸುವ ಅವಧಿಯನ್ನು 2024ರ ನವೆಂಬರ್ 1ರಿಂದ 120 ದಿನಗಳಿಂದ 60 ದಿನಗಳಿಗೆ ಇಳಿಸಿದ್ದಾರೆ. ಆದರೂ ಹನ್ನೊಂದು ದಿನ ಮುಂಚೆ ರಾತ್ರಿ ರೈಲಿನಲ್ಲಿ ಬರ್ತು ಸಿಗುವುದು ಕಷ್ಟವೇ. ವೇಟಿಂಗ್ ಲಿಸ್ಟಿನ ಟಿಕೆಟ್ ಸಿಕ್ಕಿತು. ಆನ್‌ಲೈನಿನಲ್ಲಿ ಕೊಂಡ ವೇಟಿಂಗ್ ಲಿಸ್ಟ್ ಟಿಕೆಟ್ ಚಾರ್ಟ್ ಸಿದ್ಧವಾಗುವ ಹೊತ್ತಿಗೂ ಹಾಗೆಯೇ ಉಳಿದರೆ ತಾನಾಗಿ ರದ್ದಾಗುತ್ತದೆ. ಅದನ್ನು ಹಿಡಿದು ಗಾಡಿ ಹತ್ತುವಂತಿಲ್ಲ. ಅವಳಿಗೆ ಹಾಗೆಯೇ ಆಯಿತು. ಕೊನೆಯ ಗಳಿಗೆಯಲ್ಲಿ 1,100 ರೂಪಾಯಿ ಕೊಟ್ಟು ಖಾಸಗಿ ಬಸ್ಸು ಹಿಡಿದಳು. ಬಸ್ಸು ಬೆಳಗಿನ ಜಾವ ಮೂರೂ ಮುಕ್ಕಾಲಿಗೆ ಊರ ಹೊರಗಿನ ಬೈಪಾಸಿನಲ್ಲಿ ಇಳಿಸಿ ಹೋಯಿತು. ಆ ಹೊತ್ತಿನಲ್ಲಿ ಯಾರಿಗೆ ಫೋನ್ ಮಾಡಬೇಕು, ವಸತಿ ಎಲ್ಲಿ ಎಂಬುದು ಪತ್ರದಲ್ಲಿರಲಿಲ್ಲ. ಟ್ಯಾಕ್ಸಿಗೆ 350 ರೂಪಾಯಿ ತೆತ್ತು ಕಾಲೇಜಿನ ಗೇಟಿನ ಬಳಿ ಬೆಳಗಾಗುವವರೆಗೂ ಕಾವಲುಗಾರನ ಕುರ್ಚಿಯಲ್ಲಿ ಕುಳಿತಿದ್ದಳು. ಹಿಂದಿರುಗುವಾಗ ರೈಲಿಗೆ 410 ರೂಪಾಯಿ ಆಯಿತು.

ಖರ್ಚು 1,860 ರೂಪಾಯಿ. ಕೈಗೆ ಬಂದದ್ದು 410 ರೂಪಾಯಿ ಮಾತ್ರ. ‘ಖಾಸಗಿ ಬಸ್ಸಿನ ದರ ಕೊಡುವಂತಿಲ್ಲ, ಟ್ಯಾಕ್ಸಿಗೆ ಪೂರ್ವಾನುಮತಿ ಪಡೆದಿರಲಿಲ್ಲ’ ಎಂದು ಲೆಕ್ಕಪತ್ರ ವಿಭಾಗದವರು ಹೇಳಿದರಂತೆ. ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ಅನುದಾನದ ಹಣಕ್ಕೆ ಆಡಿಟ್ ಉಂಟು. ತಪ್ಪು ಇರುವುದು, ಆ ನಿಯಮ ಅವಳು ಮನೆಯಿಂದ ಹೊರಡುವ ಮುನ್ನವೇ ಸಂಸ್ಥೆಗೆ ಗೊತ್ತಿದ್ದು ಅವಳಿಗೆ ಮಾತ್ರ ಗೊತ್ತಿಲ್ಲದೇ ಇದ್ದುದರಲ್ಲಿ. “ಸರ್, ಇನ್ನು ಮೇಲೆ ದೂರದ ಊರಿಂದ ಕರೆ ಬಂದರೆ ಹುಷಾರಿಲ್ಲ ಅಂತ ಹೇಳಿಬಿಡ್ತೀನಿ” ಎಂದಳು. ನನ್ನ ತರಗತಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಮಾತನಾಡುತ್ತಿದ್ದ ಹುಡುಗಿ ಅವಳು.

‘ನಿಯಮಾನುಸಾರ’ದ ನಿಜವಾದ ಕೆಲಸ ಇದೇ. ಅದು ಸಂಸ್ಥೆಯ ಅಪಾಯವನ್ನು ಅತಿಥಿಯ ಜೇಬಿಗೆ ದಾಟಿಸುತ್ತದೆ. ಜೇಬು ದೊಡ್ಡದಾಗಿದ್ದವರಿಗೆ ಅದು ತಿಳಿಯುವುದೇ ಇಲ್ಲ. ಅವರು ಮತ್ತೆ ಬರುತ್ತಾರೆ. ಸಣ್ಣ ಜೇಬಿನವರು ಬರುವುದನ್ನು ನಿಲ್ಲಿಸುತ್ತಾರೆ. ಅನಂತರ ‘ಎಲ್ಲಿ ನೋಡಿದರೂ ಅದೇ ನಾಲ್ಕು ಮುಖಗಳು’ ಎಂದು ನಾವೇ ಗೊಣಗುತ್ತೇವೆ.

ಹಣದ ಮಾತು ಇಷ್ಟಾಯಿತು. ಇನ್ನು ಸಮಯ. ಪತ್ರದಲ್ಲಿ ‘ಬೆಳಿಗ್ಗೆ 11ರಿಂದ 12.30, ಗೋಷ್ಠಿ 1, ತಮ್ಮ ಉಪನ್ಯಾಸ 20 ನಿಮಿಷ’ ಎಂದಿರುತ್ತದೆ. ಏಳನೆಯ ತರಗತಿಯ ಲೆಕ್ಕದಂತೆ ಇದನ್ನು ಬಿಡಿಸೋಣ. ಗೋಷ್ಠಿಗೆ ಇರುವುದು 90 ನಿಮಿಷ. ಸ್ವಾಗತ ಮತ್ತು ಪರಿಚಯಕ್ಕೆ 10, ಶಾಲು ಹಾರ ಫಲತಾಂಬೂಲಕ್ಕೆ 5, ಅಧ್ಯಕ್ಷರ ಮಾತಿಗೆ 15, ವಂದನಾರ್ಪಣೆಗೆ 5. ಒಟ್ಟು 35 ಕಳೆದರೆ ಉಳಿಯುವುದು 55. ಭಾಷಣಕಾರರು ನಾಲ್ವರು, ಒಬ್ಬೊಬ್ಬರಿಗೆ 20 ಎಂದರೆ 80 ನಿಮಿಷ. ಉದ್ಘಾಟನೆ ತಡವಾಗದಿದ್ದರೂ, ಯಾವ ಗಣ್ಯರೂ ಹೆಚ್ಚು ಮಾತನಾಡದಿದ್ದರೂ, 25 ನಿಮಿಷಗಳು ಎಲ್ಲಿಯೂ ಇಲ್ಲ. ಅವು ಪತ್ರ ಬರೆದ ದಿನವೇ ಕಳೆದುಹೋಗಿವೆ.

ಆ ಇಲ್ಲದ ನಿಮಿಷಗಳನ್ನು ತೆರುವವರು ಯಾರು? ಮೊದಲ ಇಬ್ಬರು ತಮ್ಮ ಇಪ್ಪತ್ತು ನಿಮಿಷ ಮಾತನಾಡಿ ಕುಳಿತುಕೊಳ್ಳುತ್ತಾರೆ. ಮೂರನೆಯವರ ಕೈಗೆ ಚೀಟಿ ಬರುತ್ತದೆ. ನಾಲ್ಕನೆಯವರು ಎದ್ದು ನಿಂತಾಗ ಊಟದ ಮನೆಯಿಂದ ಒಗ್ಗರಣೆಯ ವಾಸನೆ ಬರುತ್ತಿರುತ್ತದೆ. ನಾಲ್ಕನೆಯವರು ಸಾಮಾನ್ಯವಾಗಿ ಎಲ್ಲರಿಗಿಂತ ಕಿರಿಯರು, ಬಹಳ ಸಲ ಆ ಗೋಷ್ಠಿಯ ಏಕೈಕ ಮಹಿಳೆ. ನಾನೂ ಒಮ್ಮೆ ಮೂವತ್ತು ನಿಮಿಷದ ಬರಹ ಹಿಡಿದು ಹೋಗಿ ಒಂಬತ್ತು ನಿಮಿಷ ಮಾತನಾಡಿ ಬಂದವನೇ. ‘ನಿಮಗೆ 12 ನಿಮಿಷ, ಕೊನೆಗೆ ಎಲ್ಲರಿಗೂ ಸೇರಿ ಪ್ರಶ್ನೋತ್ತರಕ್ಕೆ 7 ನಿಮಿಷ’ ಎಂದು ಬರೆದಿದ್ದರೆ ಲೆಕ್ಕ ಸರಿಹೋಗುತ್ತದೆ: 48 ಮತ್ತು 7, ಐವತ್ತೈದು. ಹನ್ನೆರಡು ನಿಮಿಷಕ್ಕೆ ಸಿದ್ಧನಾದವನು ಹನ್ನೆರಡು ನಿಮಿಷದಲ್ಲಿ ಪೂರ್ಣವಾದ ಮಾತನ್ನು ಹೇಳಬಲ್ಲ. ಇಪ್ಪತ್ತಕ್ಕೆ ಸಿದ್ಧನಾಗಿ ಒಂಬತ್ತಕ್ಕೆ ಇಳಿದವನು ಪೀಠಿಕೆಯನ್ನು ಮಾತ್ರ ಹೇಳಿ ಇಳಿಯುತ್ತಾನೆ. ಕಡಿಮೆ ಸಮಯ ಕೊಡುವುದು ಅಗೌರವವಲ್ಲ. ಇಲ್ಲದ ಸಮಯವನ್ನು ಕೊಟ್ಟೆವೆಂದು ಹೇಳುವುದು ಅಗೌರವ.

ಮೂರನೆಯದು ಧ್ವನಿ. ಇದನ್ನು ಪತ್ರದಲ್ಲಿ ಬರೆದವರನ್ನು ನಾನು ಕಂಡಿಲ್ಲವೆಂದೇ ಹೇಳಬೇಕು. ವೇದಿಕೆಗೆ ಬಂದವರು ಮೈಕಿಗೆ ಎರಡು ಸಲ ಬಡಿದು, ಒಮ್ಮೆ ಊದಿ, ‘ಕೇಳಿಸ್ತಿದೆಯಾ?’ ಎಂದು ಕೇಳುವುದೇ ನಮ್ಮ ಧ್ವನಿಪರೀಕ್ಷೆ. ಕೇಳಿಸದೇ ಇರುವವನಿಗೆ ಆ ಪ್ರಶ್ನೆಯೇ ಕೇಳಿಸುವುದಿಲ್ಲ. ಉತ್ತರಿಸುವವರು ಮುಂದಿನ ಸಾಲಿನವರು! ಊದಿದರೆ ಮೈಕಿನ ಒಳಗಿನ ಸೂಕ್ಷ್ಮವಾದ ಪೊರೆಗೆ ಹಾನಿಯಾಗಬಹುದೆಂಬುದು ಬೇರೆ ಮಾತು.

ನಿಜವಾದ ಪರೀಕ್ಷೆಗೆ ಒಬ್ಬರಿಗೆ ಮೂರು ನಿಮಿಷ ಸಾಕು. ನಾಲ್ವರಿಗೆ 12 ನಿಮಿಷ. ಭಾಷಣಕಾರರು ತಮ್ಮ ಬರಹದ ಒಂದು ಪ್ಯಾರಾವನ್ನು ಸಭೆಯಲ್ಲಿ ಓದುವ ದನಿಯಲ್ಲೇ ಓದಬೇಕು. ಸಂಘಟಕರಲ್ಲಿ ಒಬ್ಬರು ಕೊನೆಯ ಸಾಲಿನಲ್ಲಿ ಕುಳಿತು ಕೇಳಬೇಕು. ಕೈಯಲ್ಲಿ ಹಿಡಿಯುವ ಮೈಕಾದರೆ ಬಾಯಿಂದ ನಾಲ್ಕು ಬೆರಳಿನಷ್ಟು ದೂರ. ಕಾಲರ್ ಮೈಕಾದರೆ ಗಲ್ಲದಿಂದ ಸುಮಾರು ಒಂದು ಗೇಣು ಕೆಳಗೆ. ಕಾಲರ್ ಮೈಕಿಗೆ ಒಂದು ಸಣ್ಣ ಪೆಟ್ಟಿಗೆಯೂ ಇರುತ್ತದೆ. ಅದನ್ನು ಸೊಂಟಕ್ಕೋ ಜೇಬಿಗೋ ಸಿಕ್ಕಿಸಬೇಕು. ಪ್ಯಾಂಟು ಬೆಲ್ಟಿನವರಿಗೆ ಇದು ಸುಲಭ. ಸೀರೆ ಉಟ್ಟವರನ್ನು ವೇದಿಕೆಯ ಮೇಲೆ ಎಲ್ಲರೆದುರು ನಿಲ್ಲಿಸಿಕೊಂಡು ಅದನ್ನು ಎಲ್ಲಿ ಸಿಕ್ಕಿಸುವುದೆಂದು ಮೈಕಿನ ಹುಡುಗ ತಡಕಾಡುವುದನ್ನು ನಾನು ನೋಡಿದ್ದೇನೆ. ರೇಷ್ಮೆಯ ಸೆರಗು, ಸರ ಮೈಕಿಗೆ ಉಜ್ಜಿದರೆ ಇಡೀ ಭಾಷಣದಲ್ಲಿ ಕರಕರ ಸದ್ದು. ‘ನಮ್ಮಲ್ಲಿ ಇರುವುದು ಕಾಲರ್ ಮೈಕು, ಬೇಡವೆನಿಸಿದರೆ ಸ್ಟ್ಯಾಂಡಿನ ಮೈಕೂ ಇದೆ’ ಎಂದು ಒಂದು ವಾರ ಮುಂಚೆ ಬರೆದರೆ ಆ ಮುಜುಗರವಿಲ್ಲ. ಇನ್ನೊಂದು ಮಾತು: ಬೆಳಿಗ್ಗೆ ಖಾಲಿ ಸಭಾಂಗಣದಲ್ಲಿ ಚೆನ್ನಾಗಿ ಕೇಳಿಸಿದ್ದು ಜನ ತುಂಬಿದ ಮೇಲೆ ಕುಗ್ಗುತ್ತದೆ, ಏಕೆಂದರೆ ಮೈ ಬಟ್ಟೆಗಳು ಧ್ವನಿಯನ್ನು ಹೀರಿಕೊಳ್ಳುತ್ತವೆ. ಗೋಷ್ಠಿ ಆರಂಭವಾದಾಗ ಮೈಕಿನವರು ಅಲ್ಲೇ ಇರಬೇಕು, ತಿಂಡಿಗೆ ಹೋಗಿರಬಾರದು.

ಪರದೆಯ ಮೇಲೆ ಚಿತ್ರ ತೋರಿಸುವವರಿಗೆ ಕನ್ನಡದ್ದೇ ಆದ ಒಂದು ಸಂಕಟವುಂಟು. ಹಳಗನ್ನಡ ಪಾಠವನ್ನು ಕುರಿತ ನನ್ನ ಸ್ಲೈಡುಗಳನ್ನು ನಾನು ಹಳೆಯ ನುಡಿ ಫಾಂಟಿನಲ್ಲಿ ಮಾಡಿಕೊಂಡು ಹೋಗಿದ್ದೆ. ಅಲ್ಲಿನ ಕಂಪ್ಯೂಟರಿನಲ್ಲಿ ಆ ಫಾಂಟು ಇರಲಿಲ್ಲ. ‘ಕನ್ನಡ’ ಎಂದು ಇರಬೇಕಾದಲ್ಲಿ PÀ£ÀßqÀ ಎಂದು ಮೂಡಿತು. ಸಭೆ ನಕ್ಕಿತು, ನಾನೂ ನಕ್ಕೆ, ಬೇರೆ ದಾರಿಯಿರಲಿಲ್ಲ. ಹಳೆಯ ಫಾಂಟುಗಳು ರೋಮನ್ ಅಕ್ಷರಗಳ ಮನೆಯಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದಂಥವು. ಫಾಂಟು ಇಲ್ಲದ ಕಡೆ ಮನೆಯ ಮೂಲ ಒಡೆಯರೇ ಹೊರಗೆ ಬರುತ್ತಾರೆ. ಯುನಿಕೋಡಿನಲ್ಲಿ ಬರೆದರೆ ಈ ತೊಂದರೆಯಿಲ್ಲ. ಹಳೆಯ ಕಡತವಾದರೆ ಮನೆಯಲ್ಲಿಯೇ ಅದನ್ನು ಪಿಡಿಎಫ್ ಮಾಡಿದರೆ ಫಾಂಟು ಕಡತದೊಳಗೇ ಸೇರಿಕೊಳ್ಳುತ್ತದೆ. ‘ಸ್ಲೈಡುಗಳಿದ್ದರೆ ಪಿಡಿಎಫ್ ಪ್ರತಿಯನ್ನೂ ಮೂರು ದಿನ ಮುಂಚೆ ಕಳಿಸಿ’ ಎಂಬ ಒಂದೇ ಸಾಲು ನನ್ನ ಮಾನ ಉಳಿಸುತ್ತಿತ್ತು.

ಇದನ್ನೆಲ್ಲ ಹೇಳಿದಾಗ ಸಂಘಟಕ ಮಿತ್ರರು ಎರಡು ಸಮಾಧಾನ ಹೇಳುತ್ತಾರೆ. ಮೊದಲನೆಯದು, ‘ಹಿರಿಯರಿಗೆ ಬರೆಯುವ ಪತ್ರದಲ್ಲಿ ದುಡ್ಡಿನ ಮಾತು ಬರೆದರೆ ಚೆನ್ನಾಗಿರುವುದಿಲ್ಲ.’ ಇದು ಸಂಕೋಚವೆಂದು ಮೊದಲು ನಾನೂ ನಂಬಿದ್ದೆ. ಆದರೆ ಶಾಮಿಯಾನದವರೊಡನೆ, ಅಡುಗೆಯವರೊಡನೆ ಇದೇ ಮಿತ್ರರು ಕೊನೆಯ ರೂಪಾಯಿಯವರೆಗೂ ಮುಂಚಿತವಾಗಿ ಮಾತಾಡಿರುತ್ತಾರೆ. ಅಲ್ಲಿ ಇಲ್ಲದ ಸಂಕೋಚ ಇಲ್ಲಿ ಮಾತ್ರ ಏಕೆ? ಅಡುಗೆಯವರು ಕೇಳುತ್ತಾರೆ, ಉಪನ್ಯಾಸಕರು ಕೇಳಲಾರರು, ಅದಕ್ಕೆ. ಎರಡನೆಯದು, ‘ಅನುದಾನ ಇನ್ನೂ ಮಂಜೂರಾಗಿರಲಿಲ್ಲ, ಏನೆಂದು ಬರೆಯುವುದು?’ ಇದು ನಿಜವಾದ ತೊಂದರೆ. ಆದರೆ ಅದನ್ನೇ ಬರೆಯಬಹುದಲ್ಲ: ‘ಅನುದಾನ ಬರಲು ಮೂರು ತಿಂಗಳಾಗಬಹುದು, ಅಲ್ಲಿಯವರೆಗೆ ಕಾಯಲು ತೊಂದರೆಯಿದ್ದರೆ ತಿಳಿಸಿ, ಟಿಕೆಟನ್ನು ನಾವೇ ಮಾಡಿಸುತ್ತೇವೆ.’ ಹಣವಿಲ್ಲವೆಂದಾದರೆ ಇಲ್ಲವೆಂದೇ ಬರೆಯಲಿ. ಹಣವಿಲ್ಲದ ಕಡೆಗೂ ಪ್ರೀತಿಗಾಗಿ ಹೋಗುವವರಿದ್ದಾರೆ. ಅವರಿಗೆ ತಾವು ಪ್ರೀತಿಗಾಗಿ ಹೋಗುತ್ತಿದ್ದೇವೆಂದು ತಿಳಿದಿರಬೇಕಷ್ಟೆ.

ಇಷ್ಟು ಬರೆದ ಮೇಲೆ ನನ್ನ ತಪ್ಪನ್ನೂ ಒಪ್ಪಿಕೊಳ್ಳದಿದ್ದರೆ ಅಪ್ರಾಮಾಣಿಕನಾಗುತ್ತೇನೆ. ಶಾಲೆಯಲ್ಲಿ ಸಾಂಸ್ಕೃತಿಕ ಸಂಘದ ಕಾರ್ಯದರ್ಶಿಯಾಗಿದ್ದಾಗ ನಾನೂ ಇಂಥದೇ ಪತ್ರ ಬರೆಯುತ್ತಿದ್ದೆ. ಒಮ್ಮೆ ಪಕ್ಕದ ತಾಲ್ಲೂಕಿನ ವೃದ್ಧ ತತ್ವಪದಕಾರರೊಬ್ಬರನ್ನು ವಾರ್ಷಿಕೋತ್ಸವಕ್ಕೆ ಕರೆಸಿದ್ದೆವು. ಒಂದು ಗಂಟೆ ಹಾಡಿದರು. ಶಾಲು ಹೊದಿಸಿ, ತೆಂಗಿನಕಾಯಿ ಕೊಟ್ಟು, ಚಪ್ಪಾಳೆ ಹೊಡೆದು ಕಳಿಸಿದೆವು. ಮಾರನೆಯ ದಿನ ನಮ್ಮ ಜವಾನ ನನ್ನ ಬಳಿ ಬಂದು ತಗ್ಗಿದ ದನಿಯಲ್ಲಿ, “ಸಾರ್, ಆ ಅಜ್ಜ ಬಸ್ ಚಾರ್ಜಿಗೆ ಅಂತ ನನ್ನ ಹತ್ರ ಹನ್ನೆರಡು ರೂಪಾಯಿ ಇಸ್ಕೊಂಡ್ರು. ಮೇಷ್ಟ್ರಿಗೆ ಹೇಳಬೇಡಪ್ಪ ಅಂದ್ರು” ಎಂದ. ಶಾಲೆಯಲ್ಲಿ ಎಲ್ಲರಿಗಿಂತ ಕಡಿಮೆ ಸಂಬಳದವನಿಂದ ನಮ್ಮ ಮುಖ್ಯ ಅತಿಥಿ ಸಾಲ ಮಾಡಿ ಊರು ಸೇರಿದ್ದರು. ನಾನು ಅವರಿಗೆ ಬರೆದ ಪತ್ರದಲ್ಲಿ ‘ನಿಯಮಾನುಸಾರ’ ಎಂಬ ಪದವಿತ್ತು. ನನಗೆ ಯಾವ ನಿಯಮವೂ ಗೊತ್ತಿರಲಿಲ್ಲ.

ಹಾಗಾದರೆ ಹೇಗೆ ಬರೆಯಬೇಕು? ಹೊಗಳಿಕೆಯ ಆಹ್ವಾನ ಮೊದಲು ಹೋಗಲಿ, ಅಡ್ಡಿಯಿಲ್ಲ. ಒಪ್ಪಿಗೆ ಬಂದೊಡನೆ ಎರಡನೆಯ ಇ-ಮೇಲ್ ಹೋಗಬೇಕು, ರೈಲಿನ ಕಾಯ್ದಿರಿಸುವಿಕೆ ತೆರೆಯುವ 60 ದಿನಗಳಿಗೆ ಮುಂಚೆಯೇ. ಅದು ಒಂದು ಪುಟ ಮೀರಬಾರದು. ನಾನಾದರೆ ಹೀಗೆ ಬರೆಯುವೆ:

‘ಮಾನ್ಯರೇ, ಒಪ್ಪಿಕೊಂಡದ್ದಕ್ಕೆ ಧನ್ಯವಾದಗಳು. ಹೊರಡುವ ಮುನ್ನ ತಮಗೆ ತಿಳಿದಿರಬೇಕಾದ ವಿವರಗಳು ಇವು.

ಪ್ರಯಾಣ: ಹೋಗಿಬರುವ ರೈಲಿನ ಮೂರನೇ ದರ್ಜೆ ಎ.ಸಿ.ವರೆಗಿನ ಅಥವಾ ಸರ್ಕಾರಿ ಬಸ್ಸಿನ ವಾಸ್ತವ ದರ ಕೊಡುತ್ತೇವೆ. ಖಾಸಗಿ ಬಸ್ಸು ಅಥವಾ ಸ್ವಂತ ವಾಹನವಾದರೆ ಮೊದಲೇ ಕೇಳಿ, ಇ-ಮೇಲಿನಲ್ಲೇ ಉತ್ತರಿಸುತ್ತೇವೆ. ಟಿಕೆಟ್ ಖಚಿತವಾಗದಿದ್ದರೆ ಅಂದೇ ಫೋನ್ ಮಾಡಿ. ಯಾವ ಹೊತ್ತಿಗೆ ಇಳಿದರೂ ನಿಲ್ದಾಣಕ್ಕೆ ನಮ್ಮವರು ಬರುತ್ತಾರೆ. ಅವರ ಹೆಸರು, ಮೊಬೈಲ್ ಸಂಖ್ಯೆ, ವಸತಿಗೃಹದ ವಿಳಾಸ ಕೆಳಗಿವೆ.

ಸಮಯ: ತಮ್ಮ ಗೋಷ್ಠಿ 11ರಿಂದ 12.30. ತಾವು ಮೂರನೆಯವರು. ತಮಗೆ 12 ನಿಮಿಷ. ಹತ್ತಕ್ಕೆ ಒಂದು ಚೀಟಿ, ಹನ್ನೆರಡಕ್ಕೆ ಗಂಟೆ. ಅಧ್ಯಕ್ಷರಿಗೂ ಇದೇ ಪತ್ರದ ಪ್ರತಿ ಹೋಗಿದೆ.

ಧ್ವನಿ: 10.30ಕ್ಕೆ ವೇದಿಕೆಗೆ ಬನ್ನಿ, ಮೂರು ನಿಮಿಷದ ಕೆಲಸ. ಸ್ಟ್ಯಾಂಡ್ ಮೈಕು, ಕಾಲರ್ ಮೈಕು ಎರಡೂ ಇವೆ. ಯಾವುದು ಬೇಕೆಂದು ತಿಳಿಸಿ. ಸ್ಲೈಡುಗಳಿದ್ದರೆ ಪಿಡಿಎಫ್ ಪ್ರತಿ ಮೂರು ದಿನ ಮುಂಚೆ ಕಳಿಸಿ.

ಹಣ: ನಮೂನೆಯನ್ನು ಇದರೊಂದಿಗೇ ಲಗತ್ತಿಸಿದ್ದೇವೆ. ಬಸ್ ಟಿಕೆಟಿನ ಅಕ್ಷರ ಮಾಸುವುದರಿಂದ ಅಂದೇ ಫೋಟೋ ತೆಗೆಯಿರಿ, ಮೂಲವನ್ನೂ ಇಡಿ. ಆಟೋ ದರಕ್ಕೆ ರಸೀದಿ ಬೇಡ, ತಮ್ಮ ಸಹಿ ಸಾಕು. ಮಿತಿ ದಿನಕ್ಕೆ 400 ರೂಪಾಯಿ. ಗೌರವಧನ 2,000 ರೂಪಾಯಿ. ಪಾಸ್‌ಬುಕ್ಕಿನ ಮೊದಲ ಪುಟದ ಪ್ರತಿ ತನ್ನಿ. ಹಿಂದಿರುಗುವ ಟಿಕೆಟ್ ಕಳಿಸಿದ 30 ದಿನಗಳೊಳಗೆ ಖಾತೆಗೆ ಜಮಾ ಮಾಡುತ್ತೇವೆ. ತಡವಾದರೆ ಕೇಳಬೇಕಾದವರು ಇವರು.’

ಪಾಸ್‌ಬುಕ್ಕಿನ ವಿಷಯದಲ್ಲಿ ನನ್ನ ಓರಗೆಯವರಿಗೊಂದು ಎಚ್ಚರಿಕೆ. ನಮ್ಮಲ್ಲಿ ಬಹಳ ಮಂದಿಯ ಖಾತೆ ಮೈಸೂರು ಬ್ಯಾಂಕು, ವಿಜಯಾ ಬ್ಯಾಂಕು, ಸಿಂಡಿಕೇಟ್ ಬ್ಯಾಂಕು, ಕಾರ್ಪೊರೇಷನ್ ಬ್ಯಾಂಕುಗಳಲ್ಲಿತ್ತು. 2017ರಿಂದ 2020ರ ಒಳಗೆ ಇವೆಲ್ಲ ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು. ಹಳೆಯ ಐಎಫ್‌ಎಸ್‌ಸಿ ಸಂಕೇತಗಳು ಈಗ ನಡೆಯುವುದಿಲ್ಲ. ಹಳೆಯ ಚೆಕ್ ಪುಸ್ತಕ ನೋಡಿ ಬರೆದುಕೊಟ್ಟರೆ ಹಣ ಮರಳಿ ಸಂಸ್ಥೆಯ ಖಾತೆಗೇ ಹೋಗುತ್ತದೆ. ಇನ್ನು, ಕೈಗೆ ಪಡೆಯುವ ಮೊತ್ತ 5,000 ರೂಪಾಯಿ ಮೀರಿದರೆ ರಸೀದಿಗೆ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪು ಬೇಕು. ಅದನ್ನು ಸಂಸ್ಥೆಯವರೇ ತಂದಿಟ್ಟಿರಬೇಕು. ಅತಿಥಿಯನ್ನು ಅಂಚೆ ಕಚೇರಿಗೆ ಓಡಿಸುವುದಲ್ಲ.

ಮೇಲಿನ ಪತ್ರದಲ್ಲಿರುವ ಮೊತ್ತಗಳು ಉದಾಹರಣೆಗೆ ಮಾತ್ರ. ಸಂಸ್ಥೆಯ ಶಕ್ತಿಯಂತೆ ಅವು ಕಡಿಮೆಯೂ ಆಗಬಹುದು, ಸೊನ್ನೆಯೂ ಆಗಬಹುದು. ನನ್ನ ತಕರಾರು ಮೊತ್ತದ ಮೇಲಲ್ಲ, ಮೌನದ ಮೇಲೆ. ಆ ಪತ್ರದಲ್ಲಿ ‘ನಾಡಿನ ಹಿರಿಯ ಚಿಂತಕರು’ ಎಂಬ ಮಾತು ಒಂದು ಕಡೆಯೂ ಇಲ್ಲವೆಂಬುದನ್ನು ಗಮನಿಸಿ. ನಾಳೆ ನೀವು ಯಾರನ್ನಾದರೂ ಕರೆಯುವಾಗ ‘ನಿಯಮಾನುಸಾರ’ ಎಂದು ಬೆರಳಚ್ಚಿಸಲು ಹೊರಟರೆ ಒಂದು ಕ್ಷಣ ನಿಲ್ಲಿ. ನಿಯಮ ಗೊತ್ತಿದ್ದರೆ ಅದನ್ನೇ ಬರೆಯಿರಿ. ಗೊತ್ತಿಲ್ಲದಿದ್ದರೆ ಮೊದಲು ಲೆಕ್ಕಪತ್ರ ವಿಭಾಗಕ್ಕೆ ಹೋಗಿ ಕೇಳಿಕೊಂಡು ಬನ್ನಿ, ಆಮೇಲೆ ಬರೆಯಿರಿ.

ಆ ಹನ್ನೆರಡು ರೂಪಾಯಿಯನ್ನು ಜವಾನನಿಗೆ ನಾನು ಅಂದೇ ಕೊಟ್ಟೆ. ಅಜ್ಜನಿಗೆ ಹಣ ಮುಟ್ಟಿಸಲು ಮುಂದಿನ ಭಾನುವಾರ ಅವರ ಊರಿಗೆ ಹೋದೆ. ಅವರು ಮಜ್ಜಿಗೆ ಕೊಟ್ಟು, “ಅಷ್ಟು ದೂರದಿಂದ ಬಂದಿದ್ದೀರಿ ಮೇಷ್ಟ್ರೇ, ಬಸ್ಸಿಗೆ ಎಷ್ಟಾಯ್ತು?” ಎಂದು ಕೇಳಿದರು.